ಅಜ್ಜಿಯ ಚೀಟಿಯಿಂದ ಎಂಬತ್ತೊಂದು ಎಲೆಗಳ ದಿನಸಿ ಪಟ್ಟಿಗೆ: ಡೊಂಬಿವಲಿಯ ಒಂದು ಬಿಸಿಬೇಳೆ ಭಾತಿನ ಪ್ರಕರಣ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿರುವ ನಮ್ಮ ಮೈಸೂರು ಮೂಲದ ಕುಟುಂಬವು ಜನವರಿಯ ಒಂದು ಭಾನುವಾರ ತಂದೆಯವರ ಸಹಸ್ರಚಂದ್ರದರ್ಶನ ಶಾಂತಿಯನ್ನು ಇಟ್ಟುಕೊಂಡಿತ್ತು. ಊಟಕ್ಕೆ 65 ಮಂದಿ ದೊಡ್ಡವರು ಮತ್ತು 16 ಮಕ್ಕಳು ಬರುವವರಿದ್ದರು. ಕೋಸಂಬರಿ, ಪಲ್ಯ, ಹಯಗ್ರೀವ, ಹಪ್ಪಳ, ಮೊಸರನ್ನಗಳ ನಡುವೆ ಊಟದ ಮುಖ್ಯ ಪದಾರ್ಥವಾಗಿ ಬಿಸಿಬೇಳೆ ಭಾತು ಇರಬೇಕು, ಅದೂ ಅಜ್ಜಿಯ ಕೈಬರಹದ ಚೀಟಿಯಲ್ಲಿರುವಂತೆಯೇ ಇರಬೇಕು ಎಂಬುದು ತಂದೆಯವರ ಅಪೇಕ್ಷೆ. ಚೀಟಿ ಮೈಸೂರಿನಲ್ಲಿ ದೊಡ್ಡಮ್ಮನ ಬಳಿ ಇತ್ತು. ಅದರ ಫೋಟೊ ವಾಟ್ಸಾಪಿನಲ್ಲಿ ಬಂದಿತು. ಅಡುಗೆಗೆ ಭಟ್ಟರನ್ನು ಗೊತ್ತು ಮಾಡಿದ್ದರೂ ಸಾಮಾನು ತಂದುಕೊಡುವ ಹೊಣೆ ಮನೆಯವರದಾಗಿದ್ದರಿಂದ, ಆ ಫೋಟೊವನ್ನು ಅಂಗಡಿಗೆ ಒಯ್ಯಬಹುದಾದ ಪಟ್ಟಿಯಾಗಿಸುವ ಕೆಲಸ ನನಗೆ ಬಂದಿತು. ಇಲ್ಲಿ ಬರೆಯುತ್ತಿರುವುದು ಆ ಒಂದು ಪದಾರ್ಥದ ಪಟ್ಟಿ ಹೇಗೆ ಸಿದ್ಧವಾಯಿತು ಎಂಬುದನ್ನು ಮಾತ್ರ.

ಮೊದಲು ಬಂದ ಫೋಟೊ ರಾತ್ರಿ ಫ್ಲ್ಯಾಶ್ ಹಾಕಿ, ಓರೆಯಾಗಿ ತೆಗೆದದ್ದು. ಕಾಗದದ ನಡುವೆ ಬೆಳಕು ಹೊಳೆದು ಎರಡು ಸಾಲು ಮಾಯವಾಗಿದ್ದವು, ಎಡ ಅಂಚು ಕತ್ತರಿಸಿಹೋಗಿತ್ತು, ಹಿಂಬದಿಯ ಶಾಯಿ ಇತ್ತ ಮೂಡಿ ಅಕ್ಷರಗಳೊಂದಿಗೆ ಬೆರೆತಿತ್ತು. ಇಂಥ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಊಹಿಸುವುದಕ್ಕಿಂತ ಇನ್ನೊಂದು ಫೋಟೊ ಕೇಳುವುದೇ ಲೇಸು. ಚೀಟಿಯನ್ನು ಹಗಲಿನಲ್ಲಿ ಕಿಟಕಿಯ ಪಕ್ಕ ಚಪ್ಪಟೆಯಾಗಿ ಹರಡಿ, ಕೆಳಗೆ ಒಂದು ಕಪ್ಪು ಕಾಗದವನ್ನಿಟ್ಟು, ನೇರ ಮೇಲಿನಿಂದ ನಾಲ್ಕೂ ಅಂಚು ಕಾಣುವಂತೆ ತೆಗೆದು, ಹಿಂಬದಿಯನ್ನೂ ತೆಗೆದು, ಚಿತ್ರವಾಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳುಹಿಸಲು ತಿಳಿಸಿದೆ. ಕೆಳಗಿನ ಕಪ್ಪು ಕಾಗದದಿಂದ ಹಿಂಬದಿಯ ಶಾಯಿ ಬಹುಮಟ್ಟಿಗೆ ಮರೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಬಂದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವುದಿಲ್ಲ. ಎರಡನೆಯ ಫೋಟೊದಲ್ಲಿ ಎಡ ಅಂಚಿನಲ್ಲಿ ‘೬ ಜನಕ್ಕೆ’ ಎಂದು ಬರೆದಿದ್ದು ಮೊದಲ ಸಲ ಕಂಡಿತು.

ಅಕ್ಷರಗಳಿಗಿಂತ ಅಂಕಿಗಳು ಹೆಚ್ಚು ತೊಡಕಿನವು. ಹಳೆಯ ಲೆಕ್ಕದ ರೂಢಿಯಲ್ಲಿ ಒಂದು ನಿಲುಗೀಟು ಕಾಲನ್ನೂ ಎರಡು ಗೀಟು ಅರ್ಧವನ್ನೂ ಸೂಚಿಸುತ್ತವೆ. ಅಜ್ಜಿ ‘ಅಕ್ಕಿ ೧॥ ಪಾವು’ ಎಂದು ಬರೆದಿದ್ದರು. ಅಂದರೆ ಒಂದೂವರೆ ಪಾವು. ಫೋನಿನ ಅಕ್ಷರ ಓದುವ ಸೌಲಭ್ಯ ಇದನ್ನು 111 ಎಂದು ಕೊಟ್ಟಿತು. ಇದು ಅಪಾಯವಿಲ್ಲದ ತಪ್ಪು, ಏಕೆಂದರೆ 111 ಪಾವು ಅಕ್ಕಿ ಎಂದರೆ ಯಾರಾದರೂ ನಗುತ್ತಾರೆ. ಗೀಟುಗಳನ್ನು ಕಲೆಯೆಂದು ತಿಳಿದು ಒಂದು ಪಾವು ಎಂದು ಓದಿದರೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಅಕ್ಕಿ, ಬೇಳೆ ಸಮಪಾಲು ಹಾಕುವ ಮನೆಗಳೂ ಬೇಕಾದಷ್ಟಿವೆ. ಮೆಂತ್ಯದ ಸಾಲು ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ‘ಮೆಂತ್ಯ । ಚ’ ಎಂದಿತ್ತು. ಆ ಒಂಟಿ ಗೀಟನ್ನು ಒಂದು ಎಂದು ಓದಿದರೆ ಕಾಲು ಚಮಚ ಇರಬೇಕಾದಲ್ಲಿ ಪೂರ್ತಿ ಚಮಚ ಬೀಳುತ್ತದೆ; ಆರು ಜನರ ಪಾತ್ರೆಯಲ್ಲಿ ಆದ ಕಹಿಯನ್ನು ಬೆಲ್ಲ ಹಾಕಿ ಹೇಗೋ ಸರಿದೂಗಿಸಬಹುದು, ದೊಡ್ಡ ಕೊಪ್ಪರಿಗೆಯಲ್ಲಿ ಆದದ್ದನ್ನು ಸರಿಪಡಿಸಲಾಗದು. ಅದು ಕಾಲು ಎಂದು ನಿಶ್ಚಯಿಸಲು ಚೀಟಿಯೇ ಸಾಕಾಯಿತು. ಗಸಗಸೆಯ ಮುಂದೆ ಅಜ್ಜಿ ದುಂಡಗೆ ‘೧’ ಎಂದು ಬರೆದಿದ್ದರು. ಒಂದನ್ನು ಹಾಗೆ ಬರೆಯುವವರು ಅದೇ ಚೀಟಿಯಲ್ಲಿ ಮೆಂತ್ಯಕ್ಕೆ ಮಾತ್ರ ಗೀಟೆಳೆಯುವುದಿಲ್ಲ.

ಉಳಿದದ್ದು ‘ಚ’. ಅದು ಚಮಚವೂ ಆಗಬಹುದು, ಚಟಾಕೂ ಆಗಬಹುದು. ಕೊತ್ತಂಬರಿ ಬೀಜದ ಮುಂದೆ ‘೪ ಚ’ ಇತ್ತು. ನಾಲ್ಕು ಚಟಾಕಿಗೆ ಒಂದು ಪಾವು; ಪಾವಿನಲ್ಲೇ ಅಕ್ಕಿಬೇಳೆ ಅಳೆದ ಕೈ ಇಲ್ಲಿ ನಾಲ್ಕು ಚಟಾಕು ಎಂದು ಬರೆಯುವ ಸಂಭವ ಕಡಿಮೆ, ಒಂದು ಪಾವು ಎಂದೇ ಬರೆಯುತ್ತಿತ್ತು. ಆದ್ದರಿಂದ ಅದು ಚಮಚ. ಆದರೆ ‘ತುಪ್ಪ ೨ ಚ’ ಎಂಬಲ್ಲಿ ಈ ತರ್ಕ ನಡೆಯುವುದಿಲ್ಲ. ಎರಡು ಚಮಚ ಎಂದರೆ 30 ಮಿಲಿ ಲೀಟರ್, ಎರಡು ಚಟಾಕು ಎಂದರೆ ಅರ್ಧ ಪಾವು, ಹೆಚ್ಚುಕಡಿಮೆ 125 ಮಿಲಿ ಲೀಟರ್. ಎರಡೂ ನಂಬಬಹುದಾದ ಅಳತೆಗಳೇ. ಹೀಗಾದಾಗ ಬರೆದವರನ್ನೋ ಅವರ ಅಡುಗೆಯನ್ನು ಉಂಡವರನ್ನೋ ಕೇಳುವುದು ಬಿಟ್ಟು ಬೇರೆ ದಾರಿಯಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದೆ. “ಅಮ್ಮನ ಭಾತಿಗೆ ಎರಡು ಚಮಚ ತುಪ್ಪವೇ? ಚಟಾಕು ಕಣೇ ಅದು. ಒಗ್ಗರಣೆಗೆ ಅರ್ಧ, ಇಳಿಸುವಾಗ ಅರ್ಧ” ಎಂದರು. ಚೀಟಿಯಲ್ಲಿ ಇಲ್ಲದ ಆ ಎರಡನೆಯ ವಾಕ್ಯ ಮುಂದೆ ಭಟ್ಟರಿಗೆ ಉಪಯೋಗಕ್ಕೆ ಬಂದಿತು.

ಓದುವ ಕೆಲಸ ಮುಗಿದ ಮೇಲೆ ಎಷ್ಟು ಪಟ್ಟು ಮಾಡಬೇಕು ಎಂಬ ಪ್ರಶ್ನೆ. ಆರು ಜನಕ್ಕೆ ಎಂದು ಬರೆದಿದೆ, ಬರುವವರು 81, ಆದ್ದರಿಂದ ಹದಿಮೂರೂವರೆ ಪಟ್ಟು ಎಂದು ಮನೆಯಲ್ಲಿ ಎಲ್ಲರೂ ತಕ್ಷಣ ಲೆಕ್ಕ ಹಾಕಿದರು. ಈ ಲೆಕ್ಕದಲ್ಲಿ ದೋಷವಿದೆ. ಅಜ್ಜಿಯ ಮನೆಯಲ್ಲಿ ಬಿಸಿಬೇಳೆ ಭಾತು ಮಾಡಿದ ದಿನ ಅದೇ ಊಟ. ಜೊತೆಗೆ ಹಪ್ಪಳ, ಕೊನೆಗೆ ಮಜ್ಜಿಗೆ. ಎಲೆಯೂಟದಲ್ಲಿ ಅದು ಹಲವು ಪದಾರ್ಥಗಳ ನಡುವಿನ ಒಂದು. ಎರಡೂ ಕಡೆ ಒಬ್ಬರ ಪಾಲು ಒಂದೇ ಅಲ್ಲ. ಹಾಗಾಗಿ ತಲೆಗಳಿಂದ ತಲೆಗಳನ್ನು ಭಾಗಿಸುವುದನ್ನು ಬಿಟ್ಟು, ಚೀಟಿಯ ಅಳತೆಯಿಂದ ಎಷ್ಟು ತೂಕದ ಭಾತು ಆಗುತ್ತದೆ, ನಮ್ಮ ಪಂಕ್ತಿಗೆ ಎಷ್ಟು ತೂಕ ಬೇಕು ಎಂದು ನೋಡಬೇಕು.

ಅದಕ್ಕಾಗಿ ಸಮಾರಂಭಕ್ಕೆ ಮುಂಚಿನ ವಾರ ಮನೆಯಲ್ಲಿ ಒಂದು ಸಲ ಚೀಟಿಯ ಅಳತೆಯಲ್ಲೇ ಭಾತು ಮಾಡಿ, ಹಾಕುವ ಪ್ರತಿಯೊಂದನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಂಡೆವು. ಮನೆಯ ಹಿತ್ತಾಳೆಯ ಪಾವಿಗೆ ತಲೆ ಸವರಿದ ಅಕ್ಕಿ 210 ಗ್ರಾಂ ಹಿಡಿಯಿತು, ತೊಗರಿಬೇಳೆಯೂ ಅಷ್ಟೇ. ಪಾವು ಎಲ್ಲೆಡೆ ಒಂದೇ ಗಾತ್ರದ್ದಲ್ಲವಾದ್ದರಿಂದ ಪುಸ್ತಕದ ಅಂಕಿಗಿಂತ ಮನೆಯ ಪಾವಿನ ತೂಕವೇ ಮುಖ್ಯ. ಹೀಗೆ ಅಕ್ಕಿ 315 ಗ್ರಾಂ, ಬೇಳೆ 210 ಗ್ರಾಂ ಆಯಿತು. ‘ನಿಂಬೆ ಗಾತ್ರ’ದ ಹುಣಸೆಹಣ್ಣು ಬೀಜ ತೆಗೆದು 35 ಗ್ರಾಂ ತೂಗಿತು, ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ 13 ಗ್ರಾಂ, ಅರ್ಧ ಗಿಟಕು ಕೊಬ್ಬರಿ 70 ಗ್ರಾಂ. ರುಚಿಗೆ ತಕ್ಕಷ್ಟು ಎಂದಿದ್ದ ಉಪ್ಪನ್ನು ಬಟ್ಟಲಿನಲ್ಲಿ ತೂಗಿಟ್ಟುಕೊಂಡು ಹಾಕುತ್ತಾ ಹೋಗಿ, ಉಳಿದದ್ದನ್ನು ತೂಗಿದಾಗ 30 ಗ್ರಾಂ ಖರ್ಚಾಗಿತ್ತು. ಅಕ್ಕಿ ಮಾತ್ರ ಸಮಾರಂಭಕ್ಕೆ ಕೊಳ್ಳಲಿದ್ದ ಕೋಲಂ ಅಕ್ಕಿಯೇ ಆಗಿರುವಂತೆ ನೋಡಿಕೊಂಡೆವು. ಅಕ್ಕಿ ಬದಲಾದರೆ ಅದು ಕುಡಿಯುವ ನೀರೂ ಬದಲಾಗುತ್ತದೆ, ಆಗ ಪ್ರಯೋಗದ ಅಂಕಿಗೆ ಬೆಲೆಯಿರುವುದಿಲ್ಲ. ಭಾತನ್ನು ಇಳಿಸಿ, ಅರ್ಧ ಗಂಟೆ ಬಿಟ್ಟು, ಗಟ್ಟಿಯಾದ ಮೇಲೆ ಬಡಿಸುವ ಹದಕ್ಕೆ ಬಿಸಿನೀರು ಬೆರೆಸಿ ತೂಗಿದಾಗ ಮೂರೂವರೆ ಕಿಲೊ ಬಂತು.

ಇನ್ನು ಪಂಕ್ತಿಯ ಕಡೆಯ ಲೆಕ್ಕ. ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರಿಗೆ ಸಮ ಎಂದುಕೊಂಡರೆ 65ಕ್ಕೆ 8 ಸೇರಿ 73 ಪಾಲು. ಎರಡನೆಯ ಸಲ ಹಾಕಿಸಿಕೊಳ್ಳುವವರನ್ನೂ ಮುಟ್ಟಿ ನೋಡಿ ಬಿಡುವವರನ್ನೂ ಒಟ್ಟಿಗೆ ಸೇರಿಸಿ ಪಾಲಿಗೆ 300 ಗ್ರಾಂ ಹಿಡಿದೆವು. ಹೇಳದೆ ಬರುವವರಿಗಾಗಿ ಹತ್ತನೆಯ ಒಂದು ಭಾಗ ಹೆಚ್ಚಿಸಿದಾಗ ಸುಮಾರು 24 ಕಿಲೊ ಆಯಿತು. ಅದನ್ನು ಮೂರೂವರೆಯಿಂದ ಭಾಗಿಸಿದರೆ ಏಳಕ್ಕೆ ತುಸು ಕಡಿಮೆ. ಹೀಗೆ ನಮ್ಮ ಗುಣಕ ಏಳು ಎಂದು ನಿಶ್ಚಯವಾಯಿತು, ಹದಿಮೂರೂವರೆ ಅಲ್ಲ. ಇದನ್ನು ಪರೀಕ್ಷಿಸಲು ಇನ್ನೊಂದು ಸುಲಭ ದಾರಿಯಿದೆ: ಅಕ್ಕಿಬೇಳೆ ಎರಡೂ ಸೇರಿ ಒಂದು ಪಾಲಿಗೆ ಎಷ್ಟು ಬೀಳುತ್ತದೆ ಎಂದು ನೋಡುವುದು. ಏಳು ಪಟ್ಟಿನಲ್ಲಿ ಅದು 50 ಗ್ರಾಂ. ಹದಿಮೂರೂವರೆ ಪಟ್ಟಿನಲ್ಲಿ 97 ಗ್ರಾಂ ಆಗಿ, 47 ಕಿಲೊ ಭಾತು ಬೇಯುತ್ತಿತ್ತು, ಅರ್ಧದಷ್ಟು ಉಳಿಯುತ್ತಿತ್ತು. ಪಟ್ಟಿಯನ್ನು ಭಟ್ಟರಿಗೆ ತೋರಿಸಿದಾಗ ಅವರು ಮೊದಲು ಕೇಳಿದ್ದೂ ಇದನ್ನೇ: “ತಲೆಗೆ ಎಷ್ಟು ಧಾನ್ಯ ಹಿಡಿದಿದ್ದೀರಿ, ಅಮ್ಮ?”

ಎಲ್ಲವನ್ನೂ ಏಳರಿಂದ ಗುಣಿಸಬಹುದೇ ಎಂಬ ವಿಷಯದಲ್ಲಿ ಅಡುಗೆ ಮಾಡುವವರಲ್ಲಿ ಒಂದು ನಂಬಿಕೆಯಿದೆ. ದೊಡ್ಡ ಅಡುಗೆಗೆ ಉಪ್ಪು ಖಾರಗಳನ್ನು ಲೆಕ್ಕಕ್ಕಿಂತ ಕಡಿಮೆ ಹಾಕಬೇಕು ಎನ್ನುತ್ತಾರೆ. ನನಗೆ ಇದು ಅರ್ಧ ಮಾತ್ರ ಸರಿ ಎನಿಸುತ್ತದೆ. ಏಳು ಪಟ್ಟು ತೂಕದ ಭಾತಿಗೆ ಅದೇ ರುಚಿ ಬರಬೇಕಾದರೆ ಏಳು ಪಟ್ಟು ಉಪ್ಪು ಬೇಕೇ ಬೇಕು. ಪಾತ್ರೆ ದೊಡ್ಡದಾಯಿತೆಂದು ಉಪ್ಪಿನ ಗುಣ ಬದಲಾಗುವುದಿಲ್ಲ. ನಿಜವಾಗಿ ಬದಲಾಗುವುದು ನೀರು. ದೊಡ್ಡ ಕೊಪ್ಪರಿಗೆಯಲ್ಲಿ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಮೇಲಿನ ಬಾಯಿ ಚಿಕ್ಕದು, ಆದ್ದರಿಂದ ಆವಿಯಾಗಿ ಹೋಗುವ ಪಾಲು ಕಡಿಮೆ. ಮನೆಯಲ್ಲಿ 3 ಲೀಟರ್ ನೀರು ಹಿಡಿದಿತ್ತು. ಭಟ್ಟರು 21ರ ಬದಲು 18 ಲೀಟರಿನಿಂದ ಆರಂಭಿಸಿ, ಪಕ್ಕದಲ್ಲಿ ಕುದಿನೀರು ಇಟ್ಟುಕೊಂಡರು. ಆವಿಯ ಲೆಕ್ಕ ನೋಡದೆ ನೀರನ್ನೂ ಏಳು ಪಟ್ಟು ಸುರಿದವರಿಗೆ ಭಾತು ತೆಳ್ಳಗಾಗುತ್ತದೆ. ಅದನ್ನು ಇಂಗಿಸಲು ಹೊತ್ತುಗಟ್ಟಲೆ ಕುದಿಸಿದಾಗ ಅಡಿ ಹತ್ತುತ್ತದೆ. ಲವಂಗ, ಚಕ್ಕೆ, ಮರಾಠಿ ಮೊಗ್ಗುಗಳ ಮಾತು ಬೇರೆ. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ, ಬಡಿಸುವ ತನಕ ಈ ಮಸಾಲೆಗಳು ಬಿಸಿಯಲ್ಲಿ ಕುಳಿತು ಸಾರ ಬಿಡುತ್ತಲೇ ಇರುತ್ತವೆ. ಅವುಗಳಿಗೆ ಮುಕ್ಕಾಲು ಪಾಲು ಸಾಕೆಂದು ಭಟ್ಟರು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಂಡೆ. ಮೆಣಸಿನಕಾಯಿಯನ್ನು ಮಾತ್ರ ಪೂರ್ತಿ ಏಳು ಪಟ್ಟು ಕೊಂಡು, ಪುಡಿ ಮಾಡಿ, ಐದರಲ್ಲಿ ನಾಲ್ಕು ಪಾಲು ಮೊದಲು ಹಾಕಿ ಉಳಿದದ್ದನ್ನು ರುಚಿ ನೋಡಿ ಸೇರಿಸುವುದೆಂದು ತೀರ್ಮಾನವಾಯಿತು; ಖಾರವನ್ನು ಸೇರಿಸಬಹುದೇ ಹೊರತು ತೆಗೆಯಲಾಗದು, ಪಂಕ್ತಿಯಲ್ಲಿ ಮಕ್ಕಳೂ ವೃದ್ಧರೂ ಇದ್ದರು. ಕೊಳ್ಳುವ ಅಳತೆ ಮತ್ತು ಹಾಕುವ ಅಳತೆ ಹೀಗೆ ಬೇರೆಬೇರೆಯಾಗಬಹುದೆಂಬುದನ್ನು ಪಟ್ಟಿ ಮಾಡುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ತರಕಾರಿಯಲ್ಲಿ ಇನ್ನೊಂದು ತೊಡಕಿತ್ತು. ಚೀಟಿಯಲ್ಲಿ ‘ತರಕಾರಿ ಹೆಚ್ಚಿ ೩ ಪಾವು’ ಎಂದಿತ್ತು, ಅಂದರೆ ಸಿಪ್ಪೆ ತೊಟ್ಟು ತೆಗೆದ ಮೇಲಿನ ಅಳತೆ. ಮಾರುಕಟ್ಟೆಯಲ್ಲಿ ಸಿಪ್ಪೆಗೂ ಹಣ ಕೊಡುತ್ತೇವೆ. ಪ್ರಯೋಗದ ದಿನ ತಂದ ತೂಕವನ್ನೂ ಹೆಚ್ಚಿದ ಮೇಲಿನ ತೂಕವನ್ನೂ ಬರೆದುಕೊಂಡಿದ್ದರಿಂದ ಕಿಲೊಗೆ ಎಷ್ಟು ಉಳಿಯುತ್ತದೆ ಎಂಬುದು ತಿಳಿದಿತ್ತು: ಹುರುಳಿಕಾಯಿಯಲ್ಲಿ 900 ಗ್ರಾಂ, ಕ್ಯಾರೆಟ್ಟಿನಲ್ಲಿ 850, ನವಿಲುಕೋಸಿನಲ್ಲಿ 650, ಸಿಪ್ಪೆ ಸಹಿತ ಹಸಿ ಬಟಾಣಿಯಲ್ಲಿ 450. ಬಟಾಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಸವೇ. ಕಾಳು 630 ಗ್ರಾಂ ಬೇಕೆಂದು ಮುಕ್ಕಾಲು ಕಿಲೊ ಕಾಯಿ ತಂದರೆ ಭಾತಿನಲ್ಲಿ ಬಟಾಣಿ ಹುಡುಕಬೇಕಾಗುತ್ತದೆ.

ಈ ಎಲ್ಲವನ್ನೂ ಕೈಲೆಕ್ಕದಲ್ಲೂ ಮಾಡಬಹುದು, ಆದರೆ ಬರುವವರ ಸಂಖ್ಯೆ ದಿನಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ಗೂಗಲ್ ಶೀಟ್ಸಿನಲ್ಲಿ ಒಂದು ಹಾಳೆ ಮಾಡಿಕೊಂಡೆ. `B` ಕಂಬದಲ್ಲಿ ಪ್ರಯೋಗದ ದಿನದ ತೂಕ ಗ್ರಾಂಗಳಲ್ಲಿ, `C`ಯಲ್ಲಿ ಪೂರ್ತಿ ಪಾಲೋ ಮುಕ್ಕಾಲೋ ಎಂಬುದು, `D`ಯಲ್ಲಿ ಸಿಪ್ಪೆ ಕಳೆದು ಉಳಿಯುವ ಭಾಗ, `E`ಯಲ್ಲಿ ಮನೆಯಲ್ಲಿ ಈಗಾಗಲೇ ಇರುವುದು, `F`ನಲ್ಲಿ ಅಂಗಡಿಯವರು ಕೊಡುವ ಕನಿಷ್ಠ ಪ್ರಮಾಣ. ಗುಣಕ ಏಳು `H1`ನಲ್ಲಿ ಒಂಟಿಯಾಗಿ.

```
=CEILING(MAX(0, B2*C2*$H$1/D2 - E2), F2)
```

ಇಲ್ಲಿ ಅನುಕ್ರಮವೇ ಮುಖ್ಯ. ಗುಣಿಸಿ, ಸಿಪ್ಪೆಯ ನಷ್ಟ ತುಂಬಿ, ಮನೆಯದನ್ನು ಕಳೆದು, ಕಟ್ಟಕಡೆಗೆ ಒಮ್ಮೆ ಮಾತ್ರ ಮೇಲಕ್ಕೆ ಸರಿಹೊಂದಿಸಬೇಕು. 210 ಗ್ರಾಂ ಬೇಳೆಯನ್ನು ಮೊದಲೇ ಕಾಲು ಕಿಲೊ ಎಂದುಕೊಂಡು ಏಳರಿಂದ ಗುಣಿಸಿದರೆ ಆ 40 ಗ್ರಾಂ 280 ಆಗಿ ಬೆಳೆಯುತ್ತದೆ, ಬೇಳೆ ಹೆಚ್ಚಾಗಿ ಹದವೇ ಬದಲಾಗುತ್ತದೆ. ಸರಿಯಾದ ಕ್ರಮದಲ್ಲಿ ಬೇಳೆ 1470 ಗ್ರಾಂ ಬೇಕಾಗಿ, ಮನೆಯಲ್ಲಿದ್ದ 400 ಕಳೆದು, ಕಾಲು ಕಿಲೊಗಳ ಲೆಕ್ಕದಲ್ಲಿ ಒಂದೂಕಾಲು ಕಿಲೊ ಕೊಳ್ಳಬೇಕಾಯಿತು.

ಕೊನೆಯ ಪಟ್ಟಿಯನ್ನು ಚೀಟಿಯ ಕ್ರಮದಲ್ಲಿ ಬರೆಯದೆ ಅಂಗಡಿಯ ಕ್ರಮದಲ್ಲಿ ಬರೆದೆ. ಸಾಮಾನು ತರಲು ಹೋಗುವವನು ಇಲ್ಲೇ ಹುಟ್ಟಿ ಬೆಳೆದ ಸೋದರಳಿಯನಾದ್ದರಿಂದ, ಅವನು ಅಂಗಡಿಯಲ್ಲಿ ಕೇಳುವ ಮರಾಠಿ ಹೆಸರುಗಳನ್ನೂ ಪಕ್ಕದಲ್ಲಿ ಸೇರಿಸಿದೆ.

ಒಂದು ವಾರ ಮುಂಚೆ, ಮಾಟುಂಗಾ: ಬ್ಯಾಡಗಿ ಮೆಣಸಿನಕಾಯಿ 100 ಗ್ರಾಂ, ಒಣ ಕೊಬ್ಬರಿ (ಸುಕೆ ಖೋಬ್ರೆ) ಅರ್ಧ ಕಿಲೊ, ಮರಾಠಿ ಮೊಗ್ಗು ಚಿಕ್ಕ ಪೊಟ್ಟಣ ಒಂದು, ಬೇಕಾದದ್ದು 11 ಮೊಗ್ಗು.
ಅದೇ ವಾರ, ಮನೆ ಹತ್ತಿರದ ಕಿರಾಣಿ: ಕೋಲಂ ಅಕ್ಕಿ ಎರಡೂವರೆ ಕಿಲೊ, ತೊಗರಿಬೇಳೆ (ತೂರ್‌ಡಾಳ್) ಒಂದೂಕಾಲು ಕಿಲೊ, ಬೀಜವಿಲ್ಲದ ಹುಣಸೆ (ಚಿಂಚ್) ಕಾಲು ಕಿಲೊ, ಕೊತ್ತಂಬರಿ ಬೀಜ (ಧಣೆ) 150 ಗ್ರಾಂ, ಗಸಗಸೆ (ಖಸಖಸ್) 100 ಗ್ರಾಂ, ಗೋಡಂಬಿ ಕಾಲು ಕಿಲೊ, ತುಪ್ಪ 1 ಲೀಟರ್. ಮೆಂತ್ಯ, ಕಡಲೆಬೇಳೆ, ಉದ್ದಿನಬೇಳೆ, ಬೆಲ್ಲ, ಇಂಗು, ಉಪ್ಪು, ಲವಂಗ, ಚಕ್ಕೆ ಮನೆಯಲ್ಲಿವೆ.
ಹಿಂದಿನ ಸಂಜೆ, ತರಕಾರಿ ಮಾರುಕಟ್ಟೆ: ಹುರುಳಿಕಾಯಿ (ಫರಸ್‌ಬಿ) ಒಂದೂಕಾಲು ಕಿಲೊ, ಕ್ಯಾರೆಟ್ (ಗಾಜರ್) 1 ಕಿಲೊ, ನವಿಲುಕೋಸು (ನವಲಕೋಲ್) 1 ಕಿಲೊ, ಸಿಪ್ಪೆ ಸಹಿತ ಬಟಾಣಿ (ಮಟಾರ್) ಒಂದೂವರೆ ಕಿಲೊ, ಕರಿಬೇವು ದೊಡ್ಡ ಕಟ್ಟು ಒಂದು.

ಪಟ್ಟಿಯಲ್ಲಿ ಎರಡು ಕಡೆ ಎಚ್ಚರಿಕೆ ಬರೆಯಬೇಕಾಯಿತು. ಬರೀ ಒಣಮೆಣಸಿನಕಾಯಿ ಎಂದು ಕೇಳಿದರೆ ಕಿರಾಣಿಯವರು ಲವಂಗಿ ಮಿರ್ಚಿಯನ್ನು ಕೊಟ್ಟುಬಿಡಬಹುದು. ಅದು ಚಿಕ್ಕದು, ನುಣುಪಾದದ್ದು, ಬ್ಯಾಡಗಿಗಿಂತ ಬಹಳ ಖಾರ. ಸುಕ್ಕುಗಟ್ಟಿದ, ಉದ್ದನೆಯ, ಕಡುಗೆಂಪು ಕಾಯಿಯನ್ನೇ ನೋಡಿ ತರಬೇಕು. ಮರಾಠಿ ಮೊಗ್ಗನ್ನು ಕೇಳಿದರೆ ಇಲ್ಲಿನ ಕೆಲವು ಅಂಗಡಿಗಳಲ್ಲಿ ಗೋಡಾ ಮಸಾಲೆಗೆ ಬಳಸುವ ನಾಗಕೇಸರವನ್ನು ಕೈಗಿಡುತ್ತಾರೆ. ನಾಗಕೇಸರ ತೆಳು ತೊಟ್ಟಿನ ಪುಟ್ಟ ಕಾಳಿನಂತಿರುತ್ತದೆ. ಮರಾಠಿ ಮೊಗ್ಗು ಲವಂಗದ ಆಕಾರದ್ದೇ, ಗಾತ್ರ ಅದಕ್ಕಿಂತ ತೀರ ದೊಡ್ಡದು. ದಕ್ಷಿಣದ ಸಾಮಾನು ಮಾರುವ ಮಾಟುಂಗಾದ ಅಂಗಡಿಗಳಲ್ಲಿ ಈ ಗೊಂದಲ ಬರುವುದಿಲ್ಲ, ಅದೊಂದಕ್ಕಾಗಿ ಲೋಕಲ್ ಹತ್ತಿ ಹೋಗುವುದು ವ್ಯರ್ಥವಲ್ಲ. ಇವೆರಡರ ಫೋಟೊಗಳನ್ನೂ ಪಟ್ಟಿಯ ಜೊತೆ ಕಳುಹಿಸಿದ್ದೆ.

ಸಮಾರಂಭದ ದಿನ ಹೇಳಿದವರೆಲ್ಲ ಬಂದರು. ಭಟ್ಟರು ತಂದಿದ್ದ 35 ಲೀಟರಿನ ಕೊಪ್ಪರಿಗೆಯಲ್ಲಿ ಮೊಗಚುವ ಕೈಯಾಡಲು ಜಾಗ ಉಳಿದಿತ್ತು. ಎತ್ತಿಟ್ಟ ಖಾರದ ಪುಡಿಯಲ್ಲಿ ಅರ್ಧವನ್ನು ಮಾತ್ರ ಅವರು ಆಮೇಲೆ ಸೇರಿಸಿದರು, ಉಪ್ಪು ಲೆಕ್ಕದ 210 ಗ್ರಾಂನ ಸುತ್ತಮುತ್ತಲೇ ನಿಂತಿತು. ಕೊನೆಯ ಪಂಕ್ತಿಯ ನಂತರ ಸುಮಾರು ಎರಡು ಕಿಲೊ ಭಾತು ಉಳಿಯಿತು, ಇದು ಹೇಳದೆ ಬರುವವರಿಗೆಂದು ಹಿಡಿದಿದ್ದ ಪಾಲಿಗೆ ಹತ್ತಿರದ ಅಂಕಿ. ಕಡಿಮೆ ಬಿದ್ದದ್ದು ತುಪ್ಪ. ಚೀಟಿಯಲ್ಲಿದ್ದುದು ಪಾತ್ರೆಯೊಳಗಿನ ತುಪ್ಪದ ಲೆಕ್ಕ. ಎಲೆಯ ಮೇಲೆ ಬಿಸಿ ಭಾತಿಗೆ ಹಾಕುವ ತುಪ್ಪ ಅದರಲ್ಲಿ ಇರಲಿಲ್ಲ, ಎರಡನೆಯ ಪಂಕ್ತಿಯ ನಡುವೆ ಇನ್ನರ್ಧ ಲೀಟರ್ ತರಿಸಬೇಕಾಯಿತು. ಹಾಳೆಯಲ್ಲಿ ಈಗ ‘ಬಡಿಸಲು ತುಪ್ಪ, ಪಾಲಿಗೆ 7 ಗ್ರಾಂ’ ಎಂಬ ಬೇರೆ ಸಾಲಿದೆ. ಅದು ಚೀಟಿಯ ಗುಣಕಕ್ಕೆ ಸೇರದೆ ನೇರವಾಗಿ 73ರಿಂದ ಗುಣಿತವಾಗುತ್ತದೆ.

ಇದೇ ಹಾಳೆಯನ್ನು ಪುಣೆಯ ಬಂಧುಗಳು ಮುಂದಿನ ಮದುವೆಗೆ ಕೇಳಿದ್ದಾರೆ. ಅಲ್ಲಿ ನಾನೂರು ಎಲೆ. ಅಷ್ಟಕ್ಕೆ ಗುಣಕವನ್ನು ಬದಲಿಸಿದರೆ ದಿನಸಿಯ ಅಂಕಿಗಳು ಬರುತ್ತವೆ, ಆದರೆ 18 ಲೀಟರಿನ ನೀರಿನ ಲೆಕ್ಕ ಬರುವುದಿಲ್ಲ. ಅದು ಒಂದು ಕೊಪ್ಪರಿಗೆಯ ಬಾಯಿಗೂ ಆಳಕ್ಕೂ ಒಲೆಯ ಉರಿಗೂ ಸಂಬಂಧಿಸಿದ್ದು. ಆದ್ದರಿಂದ ಅವರು ಇದೇ ಗಾತ್ರದ ಐದು ಕೊಪ್ಪರಿಗೆಗಳಲ್ಲಿ ಮಾಡಿಸುವುದಾದರೆ ಮಾತ್ರ ನೀರಿನ ಸಾಲನ್ನು ನಂಬಬೇಕೆಂದೂ, ಹುರಿದ ಮಸಾಲೆಯನ್ನು ಒಟ್ಟಿಗೆ ಪುಡಿ ಮಾಡಿಸಿ ತೂಗಿ ಐದು ಪಾಲು ಮಾಡಿಕೊಳ್ಳಬೇಕೆಂದೂ ಹಾಳೆಯ ತಲೆಯಲ್ಲಿ ಬರೆದು ಕಳುಹಿಸಿದ್ದೇನೆ.